ಪೆನ್ನು ಹಿಡಿಯುವ ಕಾಗದ

…ಅಥವಾ ಆ ಬ್ರೋಷರ್ ಸ್ಯಾಂಪಲ್ಲಿನ ಮೇಲಿದ್ದ ಮಂಡಿಯ ಚಿತ್ರ ನೀಲಿಯಲ್ಲಿ ಇರಲೇ ಇಲ್ಲವೇನೋ. ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಳ್ಳುತ್ತದೆ, ನಾನು ಅದನ್ನು ನಂಬುವುದಿಲ್ಲ. ಮಡಿಕೆಯಲ್ಲಿ ಬಿರಿದ ಬಿಳಿ ಗೆರೆಯನ್ನು ಮಾತ್ರ ನಂಬುತ್ತೇನೆ. ಅದರ ಮೇಲೆ ಬೆರಳಾಡಿಸಿದ್ದೆ.

ಶಿವಾಜಿನಗರದ ಗಲ್ಲಿಯೊಂದರ ಪ್ರೆಸ್ಸು. ಹಲಸೂರಿನ ನಮ್ಮ ಕ್ಲಿನಿಕ್ಕಿಗೆ ಬ್ರೋಷರ್ ಮಾಡಿಸಲು ನಾನೂ ನನ್ನ ಪಾಲುದಾರಳೂ ಹೋಗಿದ್ದೆವು. ಅವಳು ಮೂಳೆ ಡಾಕ್ಟರು, ನಾನು ಫಿಸಿಯೋಥೆರಪಿಸ್ಟ್, ಹಳೆಯ ಗೆಳತಿಯರು. ಅವಳಿಗೆ ಮುನ್ನೂರು ಜಿಎಸ್‌ಎಂ ದಪ್ಪದ ಕಾಗದ, ಹೊಳೆಯುವ ಲ್ಯಾಮಿನೇಷನ್, ಜೋಡಿ ಬಾಗಿಲಿನಂತೆ ತೆರೆಯುವ ಮಡಿಕೆ ಬೇಕು. ನನಗೆ ಬೇಕಾದದ್ದು ಒಳಗೊಂದು ಖಾಲಿ ಭಾಗ. ಪ್ರತಿ ರೋಗಿಗೂ ಅವರವರ ವ್ಯಾಯಾಮವನ್ನು ಅಲ್ಲಿ ನಾನೇ ಬರೆದು ಕೊಡಬೇಕು. ಬಾಯಲ್ಲಿ ಹೇಳಿದ್ದು ಗೇಟು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ತಪ್ಪು ಕಾಲೆತ್ತಿ ನೋವು ಹೆಚ್ಚಿಸಿಕೊಂಡು ಬರುತ್ತಾರೆ.

ಪ್ರೆಸ್ಸಿನ ಯಜಮಾನರು ಅವಳಿಗೆ ಬೇಕಾದ ದಪ್ಪ ಕಾಗದದಲ್ಲಿ ತೆಗೆದಿದ್ದ ಸ್ಯಾಂಪಲ್ಲನ್ನು ಹಾಗೇ ಮಡಚಿದರು. ಮುಖಪುಟದ ಮಂಡಿಯ ಚಿತ್ರದ ನಡುವೆ ಬಣ್ಣ ಬಿರಿಯಿತು.

"ಕ್ರೀಸಿಂಗ್ ಮಾಡಿದ್ರೆ ಒಡೆಯಲ್ಲ ಮೇಡಂ. ಮಡಚೋ ಕಡೆ ಮೊದ್ಲೇ ಗೆರೆ ಒತ್ತಿಬಿಡ್ತೀವಿ."

"ಮುಗೀತಲ್ಲ!" ಎಂದಳು ಗೆಳತಿ.

ನಾನು ಬಾಲ್‌ಪೆನ್ ತೆಗೆದು ಅದರ ಮೇಲೆ ಬರೆದೆ. ಪೆನ್ನು ಜಾರಿತು. ಹತ್ತಿದಷ್ಟು ಶಾಯಿಯೂ ಹೆಬ್ಬೆರಳಿಗೆ ಬಂತು.

"ಮಾರ್ಕರ್ ತಗೊಳೇ."

"ಪೇಷಂಟ್‌ಗಳು ಮನೇಲಿ ವ್ಯಾಯಾಮ ಮಾಡಿ ದಿನಾ ಟಿಕ್ ಹಾಕ್ಬೇಕು ಕಣೇ. ಮಾರ್ಕರ್ ನೀನು ಹೋಗಿ ಕೊಡ್ತೀಯಾ?"

ನಾನು ಮ್ಯಾಪ್‌ಲಿಥೋ ಕೇಳಿದೆ, ನೋಟ್‌ಬುಕ್ಕಿನ ಹಾಳೆಯಂಥ ಹೊಳಪಿಲ್ಲದ ಕಾಗದ.

"ಕಲರ್ ಡಲ್ ಹೊಡೆಯುತ್ತೆ. ಆಮೇಲೆ ನನ್ನ ಬೈಬೇಡಿ," ಎಂದರು ಯಜಮಾನರು. ತೆಳುವಾದದ್ದರಲ್ಲಿ ಹಿಂಬದಿಯ ಚಿತ್ರ ಕಾಣುತ್ತದೆಂದು ನೂರಿಪ್ಪತ್ತು ಜಿಎಸ್‌ಎಂ ಕೊಟ್ಟರು. ಮೂರು ಭಾಗವಾಗಿ ಮಡಚಿದೆ, ಒಳಗೆ ಸೇರುವ ಭಾಗ ಉಳಿದೆರಡಕ್ಕಿಂತ ಕೂದಲೆಳೆಯಷ್ಟು ಕಿರಿದು. ಅಡ್ಡಕ್ಕೆ ಇನ್ನೊಮ್ಮೆ ಮಡಚಿ ಅವರ ಷರ್ಟಿನ ಜೇಬಿಗೇ ತುರುಕಿದೆ.

"ಕೂತ್ಕೊಂತಾ ಭಾಯ್?"

"ಅರೆ, ಕೂತ್ಕೊಂತು!"

"ಎಲೆಕ್ಷನ್ ಪಾಂಪ್ಲೆಟ್ ತರ ಇದೆ," ಗೆಳತಿ ಮೂಗು ಮುರಿದಳು. "ಇಂದಿರಾನಗರದ ಕ್ಲಿನಿಕ್‌ನವ್ರು ನೋಡಿ ನಗ್ತಾರೆ."

"ನಗ್ಲಿ. ಅವ್ರ ಮಂಡಿ ಹಿಡ್ಕೊಂಡಾಗ ಇಲ್ಲಿಗೇ ಬರ್ಲಿ, ಆಗ ನಾನು ನಗ್ತೀನಿ."

ಅಂದವಾಗಿ ಕಾಣಬೇಕೆನ್ನುವ ಅವಳ ಆಸೆ ತಪ್ಪೆಂದು ಆಗಲೂ ಅನಿಸಲಿಲ್ಲ. ಆದರೆ ನಾನು ಬಗ್ಗಲಿಲ್ಲ. ಬಣ್ಣ ಮಂಕಾಗುವುದಾದರೆ ಬೇಡವೆಂದು ಮುಖಪುಟದ ದೊಡ್ಡ ಚಿತ್ರವನ್ನೇ ತೆಗೆಸಿದೆ. ಹೊರಡುವಾಗ ಅವಳು ಹೊಳೆಯುವ ಸ್ಯಾಂಪಲ್ಲನ್ನು ಕೈಚೀಲಕ್ಕೆ ಹಾಕಿಕೊಂಡಳು. ದಾರಿಯಲ್ಲಿ ಏನೋ ಅಂದಿದ್ದಳು, ಅದನ್ನು ಈಗ ನಾನು ನೆನಪಿನಿಂದ ಅಳಿಸಿದ್ದೇನೆ ಎಂದರೂ ಒಪ್ಪಿಕೊಳ್ಳುತ್ತೇನೆ.

ಆ ಹೊಳೆಯುವ ಸ್ಯಾಂಪಲ್ ಇನ್ನೂ ಅವಳ ಮೇಜಿನ ಮೇಲಿದೆ. ನನ್ನವು ರೋಗಿಗಳ ಜೇಬುಗಳಲ್ಲಿ ಬೆವರು ಹೀರಿ, ಮಡಿಕೆಯಲ್ಲಿ ಸವೆದು ವಾಪಸು ಬರುತ್ತವೆ. ನಾನು ಬರೆದದ್ದು ಅಳಿಸಿರುವುದಿಲ್ಲ. ಎಲ್ಲ ದಿನಕ್ಕೂ ಟಿಕ್ ಇರುತ್ತದೆ. ಕೆಲವುಗಳಲ್ಲಿ ಎಲ್ಲ ಟಿಕ್ಕೂ ಒಂದೇ ಪೆನ್ನಿನದು, ಒಂದೇ ಓಟದಲ್ಲಿ ಹಾಕಿದ್ದು. ದಿನಾ ಕಾಲೆತ್ತಿದರೋ, ಬರುವಾಗ ಆಟೋದಲ್ಲಿ ಕೂತು ಹಾಕಿಕೊಂಡರೋ ನನಗೆ ಗೊತ್ತಿಲ್ಲ.