ಕೊನೆಯ ಪಾಳಿ ಭತ್ತಕ್ಕೋ, ಕಬ್ಬಿಗೋ

ನಮ್ಮ ಅತ್ತೆಯಷ್ಟು ಹಟ ಹಿಡಿಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಗಂತ ಅವರೆದುರು ಒಂದು ದಿನವೂ ಹೇಳಲಿಲ್ಲ, ನನಗೂ ಜೀವದ ಮೇಲೆ ಆಸೆಯಿತ್ತು.

ಚಿಂಚೋಳಿ ತಾಲೂಕಿನ ನಮ್ಮೂರಿಗೆ ಆಗಿನ್ನೂ ಕಾಲುವೆ ಬಂದ ಹೊಸತು. ನಮ್ಮದು ಎರಡೇ ಎಕರೆ, ಅದೂ ಕಾಲುವೆಯ ಕಟ್ಟಕಡೆಗೆ. ಮೇಲಿನವರ ಹೊಲ ತಣಿದು ಉಳಿದ ನೀರು ನಮಗೆ. ಅದುವರೆಗೆ ಆ ನೆಲದಲ್ಲಿ ಜೋಳ, ತೊಗರಿ ಬಿಟ್ಟು ಬೇರೇನೂ ಬೆಳೆದಿರಲಿಲ್ಲ.

ನಮ್ಮನೆಯವರಿಗೆ ಎರಡೂ ಎಕರೆಗೆ ಕಬ್ಬೇ ಬೇಕು. "ಒಮ್ಮಿ ಹಚ್ಚಿದ್ರ ಸಾಕು ಯವ್ವಾ, ಕಡಿದ ಬುಡದಿಂದ ಮತ್ತ ಕೂಳೆ ಬರ್ತದ. ವರ್ಷಾ ವರ್ಷಾ ನಾಟಿ ಮಾಡೂದಿಲ್ಲ, ಆಳು ಹುಡುಕೂದಿಲ್ಲ. ಗಾಣಕ್ಕ ಹಾಕಿದ್ರ ಕೈತುಂಬ ರೊಕ್ಕ."

"ರೊಕ್ಕ ಬರ್ತದ, ಖರೆ," ಎಂದರು ಅತ್ತೆ. "ವರ್ಷಪೂರ್ತಿ ನೀರು ಯಾರು ಕೊಡ್ತಾರ, ನಿಮ್ಮ ಮಾವನಾ? ಭತ್ತ ಕೇಳೂದು ನಾಕು ತಿಂಗಳ ನೀರು. ಅದ್ರಾಗೂ ಅರ್ಧ ಮಳಿನೇ ಕೊಡ್ತದ. ಮನ್ಯಾಗ ಅಕ್ಕಿ, ದನಕ್ಕ ಹುಲ್ಲು. ಇನ್ನೇನು ಬೇಕು ನಿಂಗ?"

ವಾದ ಜೋರಾಯಿತು. ಕಬ್ಬು ಹಚ್ಚಲು ಬಿಡದಿದ್ದರೆ ಶಹಾಬಾದಿನ ಕಲ್ಲಿನ ಗಣಿಗೆ ಹೋಗುತ್ತೇನೆ ಎಂದುಬಿಟ್ಟರು ನಮ್ಮನೆಯವರು. ಗಣಿಗೆ ಹೋದ ನಮ್ಮೂರ ಗಂಡಸರು ಕೆಮ್ಮುತ್ತ ಬಂದದ್ದನ್ನು ಕಣ್ಣಾರೆ ನೋಡಿದ್ದೆ. ಅತ್ತೆ ಮೂರು ದಿನ ಹಟ ಹಿಡಿದು, ಕಡೆಗೆ ಒಂದು ಎಕರೆ ಕಬ್ಬಿಗೆ ಬಿಟ್ಟುಕೊಟ್ಟರು. ಕಬ್ಬು ಕೆಟ್ಟರೆ ಗಣಿಯೇ ಗತಿ ಎಂದು ಮಗ ಮತ್ತೊಮ್ಮೆ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು.

ಸಂಕ್ರಾಂತಿ ಕಳೆದ ಮೇಲೆ ಕಬ್ಬು ಹಚ್ಚಿದರು. ಯುಗಾದಿ ಮುಗಿಯಿತು, ಕಾಲುವೆಯ ನೀರೂ ಸಣ್ಣಗಾಯಿತು. ನಮ್ಮನೆಯವರ ದುಡಿತ ನೋಡಬೇಕಿತ್ತು ಆಗ! ಸಿಕ್ಕ ನೀರನ್ನು ಸಾಲು ಬಿಟ್ಟು ಸಾಲಿಗೆ ಹಾಯಿಸಿದರು. ಮೇಲಿನವರ ಹೊಲದಿಂದ ಕಬ್ಬಿನ ಒಣ ಸೋಗೆ ಹೊತ್ತು ತಂದು ಬುಡಕ್ಕೆ ಹೊದಿಸಿದರು. ಎಲೆ ಸುರುಳಿ ಸುತ್ತಿಕೊಂಡರೂ ಕಬ್ಬು ಸಾಯಲಿಲ್ಲ. ಮಳೆ ಬಿದ್ದದ್ದೇ ತಡ, ಮತ್ತೆ ಹಸಿರಾಗಿ ಎದ್ದಿತು. ಅತ್ತೆ ಬಾಯಿ ಬಿಟ್ಟು ಹೊಗಳಲಿಲ್ಲ, ಆದರೆ ಮಗನ ತಾಟಿಗೆ ಎರಡು ರೊಟ್ಟಿ ಹೆಚ್ಚು ಬೀಳುತ್ತಿದ್ದವು.

ಭತ್ತದ ನಾಟಿ ಅತ್ತೆಯ ಕಾರುಬಾರು. ಕೂಲಿಗೆ ಕರೆಯುವವರಲ್ಲ ಅವರು, ಮುಯ್ಯಿಗೆ ಕರೆಯುವವರು. ಓಣಿಯ ಹೆಂಗಸರೆಲ್ಲ ನಮ್ಮ ಗದ್ದೆಗೆ ಬಂದು ನಾಟಿ ಮಾಡಿದರು. ಆಮೇಲೆ ನಾವಿಬ್ಬರೂ ಒಬ್ಬೊಬ್ಬರ ಗದ್ದೆಗೂ ಹೋಗಿ ಆ ಮುಯ್ಯಿ ತೀರಿಸಿದೆವು. ಕಳೆ ಕೀಳುವುದಕ್ಕೂ ಅದೇ ಕತೆ. ನನ್ನ ಸೊಂಟ ಹಿಡಿದುಕೊಂಡರೆ ಅತ್ತೆ ನಗುತ್ತಿದ್ದರು: "ಅನ್ನ ಉಣ್ಣೂವಾಗ ಸೊಂಟ ನೋಯ್ತದೇನು ನಿಂದು?"

ದಸರೆ ಹೊತ್ತಿಗೆ ಮಳೆ ಕೈಕೊಟ್ಟಿತು. ಕಾಲುವೆಗೆ ನೀರುಣಿಸುವ ಕೆರೆಯ ನೀರು ತಳಕ್ಕಿಳಿಯಿತು. ನೀರು ಬಿಡುವ ನೀರಗಂಟಿ ಬಂದು, "ನಾಳಿ ಮುಂಜಾನಿದೇ ಕಡೀ ಪಾಳಿ ನೋಡ್ರಿ, ಆಮ್ಯಾಲ ಬಂದ್. ನಿಮಗ ಬಂದ್ರ ಒಂದು ಎಕರೆದಷ್ಟು ಬಂದೀತು" ಎಂದ. ಭತ್ತ ಆಗಷ್ಟೇ ತೆನೆ ಹಾಕುತ್ತಿತ್ತು. ಕಬ್ಬು ಎದೆಮಟ್ಟ ಬೆಳೆದಿತ್ತು.

ಬೆಳಿಗ್ಗೆ ಮೂವರೂ ಹೊಲಕ್ಕೆ ಹೋದೆವು. ನೀರು ಬಂದದ್ದೇ ಅತ್ತೆ ಸಲಿಕೆ ಎತ್ತಿ ಕಬ್ಬಿನ ಕಡೆ ಬದು ಕಡಿದರು. ನಾನು ದಂಗಾದೆ.

"ಅತ್ತಿ, ಏನು ಮಾಡ್ಲಿಕತ್ತೀರಿ? ಈಗ ನೀರು ತಪ್ಪಿದ್ರ ಭತ್ತೆಲ್ಲ ಜೊಳ್ಳಾಗ್ತದಲ್ರಿ!"

"ಸುಮ್ನಿರು. ನಂಗ ತಿಳೀದೇನು?" ಎಂದವರ ದನಿ ಅವರದಾಗಿರಲಿಲ್ಲ. ತಲೆ ಎತ್ತದೆ ಅಗೆಯುತ್ತಲೇ ಇದ್ದರು. ಆಗ ನನಗೆ ಹೊಳೆಯಿತು. ಭತ್ತ ಹೋದರೂ ಚಿಂತೆಯಿಲ್ಲ, ಮಗ ಗಣಿಗೆ ಹೋಗಬಾರದು. ಇಷ್ಟು ದಿನ ಭತ್ತಕ್ಕಾಗಿ ಜಗಳವಾಡಿದವರು ತಾವೇ ಅದನ್ನು ಒಣಗಿಸಲು ನಿಂತಿದ್ದರು. ನನ್ನ ಕಣ್ಣು ತುಂಬಿ ಬಂತು.

ನಮ್ಮನೆಯವರು ಹೋಗಿ ಅತ್ತೆಯ ಕೈಯಿಂದ ಸಲಿಕೆ ತೆಗೆದುಕೊಂಡು, ಕಬ್ಬಿನ ಕಡೆ ಕಡಿದ ಬಾಯಿಗೆ ಹಸಿಮಣ್ಣು ಒತ್ತಿ, ಭತ್ತದ ಬದು ಕಡಿದರು. ನೀರು ಅತ್ತ ತಿರುಗಿತು.

"ಕಬ್ಬು ನೀರಿಲ್ದಿದ್ರೂ ಹೆಂಗೋ ಜೀವ ಹಿಡಕೋತದ ಯವ್ವಾ, ಭತ್ತ ಹಿಡಕೊಳ್ಳಲ್ಲ. ನಾ ಎಲ್ಲೂ ಹೋಗಲ್ಲ. ಭಾಳ ದಣಿದೀ, ಬದುವಿನ ಮ್ಯಾಲ ಕುಂದ್ರು."

"ಮದ್ಲೇ ಹೇಳಾಕ ಏನು ಧಾಡಿ ಆಗಿತ್ತು ನಿಂಗ?" ಎಂದು ಬೈದ ಅತ್ತೆ, ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಭತ್ತ ಗಟ್ಟಿ ಕಾಳು ಕಟ್ಟಿತು. ಕಬ್ಬು ಸಣಕಲಾಗಿ, ಬೆಲ್ಲ ನಾವು ಅಂದುಕೊಂಡಿದ್ದರ ಅರ್ಧಕ್ಕೆ ನಿಂತಿತು. ಕಾಲುವೆಯ ಕಟ್ಟಕಡೆಯ ನಮ್ಮ ಹೊಲಕ್ಕೆ ಭತ್ತವೇ ಸರಿ ಎಂದು ನಮ್ಮನೆಯವರೇ ಒಪ್ಪಿ, ಕಬ್ಬಿನ ಬುಡ ಕೀಳಲು ನೇಗಿಲು ಹೂಡಿದರು. ಅತ್ತೆ ಓಡಿ ಬಂದು ಎತ್ತಿನ ಮುಂದೆ ನಿಂತರು.

"ನೀ ಇಲ್ಲೇ ಇರ್ತೀನಿ ಅಂದ ಮ್ಯಾಲ, ನಿನ್ನ ಕಬ್ಬೂ ಇರ್ಲಿ."