ಇಪ್ಪತ್ತೊಂಬತ್ತಿಲ್ಲದ ಫೆಬ್ರವರಿ

ಬಿಸಿಲೆ ಕಡೆಯ ಆ ಕಾಫಿ ಎಸ್ಟೇಟನ್ನು ಮಾರುವಾಗ ಹಳೆಯ ಸಾಹುಕಾರರು ಪತ್ರದಲ್ಲಿ ಒಂದು ಮಾತು ಬರೆಸಿದ್ದರು. ಇಪ್ಪತ್ತೈದು ವರ್ಷ ಪೂರ್ತಿ ದುಡಿದವರಿಗೆ ಕೂಲಿಯವರ ಸಾಲಿನ ಲೈನ್ ಮನೆ ಸಾಯುವ ತನಕ ಅವರದ್ದೇ. ಗಂಗಾಮಣಿ ಆ ಒಂದು ಮಾತಿಗೆ ಜೋತುಬಿದ್ದಿದ್ದಳು. ಗಂಡ ಲಕ್ಕಪ್ಪ ಮರದಿಂದ ಬಿದ್ದು ಸೊಂಟ ಹೋದವನು, ಅವನನ್ನು ಮಲಗಿಸಲು ಬೇರೆ ಸೂರಿರಲಿಲ್ಲ.

ಹೊಸ ಮ್ಯಾನೇಜರ್ ನಟರಾಜ್ ವಯಸ್ಸಾದವರಿಗೆಲ್ಲ ಈ ಫೆಬ್ರವರಿ ಇಪ್ಪತ್ತೆಂಟೇ ಕಡೇ ದಿನ ಎಂದುಬಿಟ್ಟಿದ್ದ. ಗಂಗಾಮಣಿ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಸವಿ, ಫೆಬ್ರವರಿ ಇಪ್ಪತ್ತೊಂಬತ್ತು. ಹಾಜರಿ, ಲೆಕ್ಕ ಬರೆಯುವ ರೈಟರ್ ಯೋಗಾನಂದ ಕಳೆದು ನೋಡಿ, ಇಪ್ಪತ್ತನಾಲ್ಕು ವರ್ಷ, ಹನ್ನೊಂದು ತಿಂಗಳು, ಮೂವತ್ತು ದಿನ, ಒಂದು ದಿನ ಕಮ್ಮಿ ಎಂದು ಮ್ಯಾನೇಜರನ ಬಂಗಲೆಗೆ ಹೇಳಿಯೂ ಆಗಿತ್ತು.

ಇಪ್ಪತ್ತೇಳರ ಸಂಜೆ ಕಾಫಿ ಹಣ್ಣು ತೂಗುವಾಗ ಯೋಗಾನಂದನೇ ಅವಳನ್ನು ಪಕ್ಕಕ್ಕೆ ಕರೆದ. "ಗಂಗಕ್ಕ, ನಾನು ತಪ್ಪು ಮಾಡ್ಬುಟ್ಟೆ. ತಾರೀಕಲ್ಲಿ ತಾರೀಕು ಕಳೆದ್ರೆ ಒಂದು ದಿನ ಉದುರೋಗ್ತದೆ. ಸೇರಿದ ದಿನಾನೂ ನೀನು ದುಡಿದೀಯ, ಬಿಡೋ ದಿನಾನೂ ದುಡೀತೀಯ. ಎರಡನ್ನೂ ಹಿಡೀಬೇಕು."

"ಹಿಡಿದ್ರೆ ಮೂವತ್ತೊಂದು ದಿನ ಆಯ್ತದೆ. ತಿಂಗಳು ಆಗೋಯ್ತಾ ರೈಟ್ರೇ?"

"ಆಯ್ತು ಕಣಕ್ಕ. ಜನವರಿ ಇಪ್ಪತ್ತೊಂಬತ್ತರಿಂದ ಫೆಬ್ರವರಿ ಇಪ್ಪತ್ತೆಂಟು, ಅದೇ ಒಂದು ತುಂಬು ತಿಂಗಳು. ಈ ವರ್ಷ ಇಪ್ಪತ್ತೊಂಬತ್ತೇ ಇಲ್ವಲ್ಲ, ಅದಕ್ಕೆ ಕಾಯೋದೂ ಬ್ಯಾಡ. ನಾಳೆ ಸಂಜೆಗೆ ಇಪ್ಪತ್ತೈದು ಪೂರ್ತಿ. ಯಾರ ಹತ್ರನೂ ಬಾಯಿ ಬಿಡಬ್ಯಾಡ. ನಾಳೆ ಹಾಜರಿ ಬಿದ್ದ ಮೇಲೆ ಮಾತಾಡಾನ."

ಅವಳು ತಲೆಯಾಡಿಸಿದಳು. ಆದರೆ ಆ ಲೈನಿನಲ್ಲಿ ಮಗು ಹುಟ್ಟಲಿ, ಮದುವೆ ಗೊತ್ತಾಗಲಿ, ಮೊದಲ ಎಲೆಯಡಿಕೆ ಬಂಗಲೆಗೇ ಹೋಗಬೇಕು. ಧಣಿಗೆ ಮುಚ್ಚಿಟ್ಟು ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಮುಖ ತೊಳೆದು, ತಟ್ಟೆಯಲ್ಲಿ ಎಲೆಯಡಿಕೆ, ಎರಡು ಬಾಳೆಹಣ್ಣು ಹಿಡಿದು ಗಂಗಾಮಣಿ ಬಂಗಲೆಯ ಮೆಟ್ಟಿಲ ಕೆಳಗೆ ನಿಂತಳು.

"ಏನಮ್ಮ, ಮೊಮ್ಮಗ ಹುಟ್ಟಿದನಾ?" ನಟರಾಜ್ ನಗುತ್ತಲೇ ಕೇಳಿದ.

"ಇಲ್ಲ ಬುದ್ಧಿ. ನಾಳೆ ಸಂಜೆಗೆ ನಂದು ಇಪ್ಪತ್ತೈದು ತುಂಬ್ತದೆ. ಮನೆ ಉಳೀತು. ನಿಮಗೇ ಮೊದ್ಲು ಹೇಳಾನ ಅಂತ."

ನಗು ಹಾಗೆಯೇ ಇತ್ತು. ನಟರಾಜ್ ಲೆಕ್ಕವನ್ನು ನಿಧಾನವಾಗಿ ಕೇಳಿದ, ಬೆರಳು ಮಡಿಸಿ ತಾನೂ ಎಣಿಸಿದ. ಎರಡು ಸಲ ಎಣಿಸಿದ.

"ಸರಿಯಾಗೇ ಇದೆ," ಎಂದ. ತಟ್ಟೆಯಿಂದ ಒಂದು ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡ. "ನಾಳೆ ಸಂಜೆಗೆ ತಾನೆ?"

"ಹೂಂ ಬುದ್ಧಿ."

"ಹಾಗಾದ್ರೆ ನಾಳೆ ಬರೋದು ಬೇಡ. ಇವತ್ತಿಗೇ ನಿನ್ನ ಕೆಲಸ ಮುಗೀತು. ಯೋಗಾನಂದನಿಗೆ ಈಗಲೇ ಹೇಳಿ ಕಳಿಸ್ತೀನಿ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ತಟ್ಟೆ ಹಿಡಿದ ಕೈ ಹಾಗೆಯೇ ಚಾಚಿಕೊಂಡಿತ್ತು. ಒಳಗೆ ತಿರುಗುತ್ತಾ ನಟರಾಜ್ ಆಳನ್ನು ಕರೆದು, ಸ್ಟೋರಿನಿಂದ ಒಂದು ಹೊಸ ಬೀಗ ತೆಗೆದಿಡಲು ಹೇಳಿದ. ಲಕ್ಕಪ್ಪ ಆ ಹೊತ್ತಿಗೆ ಲೈನಿನಲ್ಲಿ, ಹೆಂಡತಿ ಇಷ್ಟು ತಡ ಮಾಡುವವಳಲ್ಲವಲ್ಲ ಎಂದು ಬಾಗಿಲ ಕಡೆಗೇ ನೋಡುತ್ತಾ ಮಲಗಿದ್ದ.