ಜಾಹೀರಾತು ಬಾರದ ಮನೆ

ಏಳನೆಯ ತಿಂಗಳಲ್ಲಿ ನಮ್ಮ ಮಗು ಹೆಂಡತಿಯ ಹೊಟ್ಟೆಯಲ್ಲೇ ತೀರಿಕೊಂಡಿತು. ನಾವು ಆಸ್ಪತ್ರೆಯಿಂದ ಆದೋನಿಯ ಮನೆಗೆ ಬರುವಷ್ಟರಲ್ಲಿ ಅವ್ವ ಬಸುರಿಗೆ ಮಾಡುವ ಕುಬಸದ ಹಸಿರು ಸೀರೆ, ಬಳೆ ಎಲ್ಲವನ್ನೂ ಟ್ರಂಕಿಗೆ ಹಾಕಿ ಮುಚ್ಚಿದ್ದಳು. ಮಗುವಿನ ಮಾತೆತ್ತಬಾರದೆಂದು ನೆಂಟರಿಗೆಲ್ಲ ಬಾಗಿಲಲ್ಲೇ ತಾಕೀತು. ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನಗೆ ಅಳುವೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಜೋಮು ಹಿಡಿದಿರುತ್ತದಲ್ಲ, ಹಾಗಿದ್ದೆ.

ಫೋನಿಗೆ ಮಾತ್ರ ಆ ತಾಕೀತು ಮುಟ್ಟಿರಲಿಲ್ಲ. ಹೆಂಡತಿ ಯಾವ ಪುಟ ತೆರೆದರೂ ಡೈಪರ್, ತೊಟ್ಟಿಲು, ಉಣ್ಣೆಯ ಟೋಪಿ. ನಾನು ಕಾಲೇಜಿನ ಕಂಪ್ಯೂಟರ್ ನೋಡಿಕೊಳ್ಳುವವನು. ಸಮಾಧಾನ ಹೇಳಲು ಬಾರದು, ಇದನ್ನಾದರೂ ಮಾಡಬಲ್ಲೆ ಅನಿಸಿತು. ಅಂಗೈಯಗಲದ ಒಂದೇ ಬೋರ್ಡಿನ ಕಂಪ್ಯೂಟರ್ ತಂದು ರೂಟರಿನ ಪಕ್ಕ ಕೂರಿಸಿದೆ. ಯಾವ ತಾಣಕ್ಕೆ ಹೋಗುವ ಮೊದಲೂ ಫೋನು ಅದರ ವಿಳಾಸವನ್ನು ಡಿಎನ್‌ಎಸ್ ಸರ್ವರಿನಲ್ಲಿ ಕೇಳುತ್ತದೆ. ಇನ್ನು ಮೇಲೆ ಮನೆಯ ಫೋನುಗಳೆಲ್ಲ ಈ ಬೋರ್ಡನ್ನೇ ಕೇಳಲಿ ಎಂದು ರೂಟರಿನಲ್ಲಿ ಬದಲಿಸಿದೆ. ಜಾಹೀರಾತಿನವರ ಹೆಸರು ಕೇಳಿದರೆ ಅದು ಎಲ್ಲಿಗೂ ಮುಟ್ಟದ ಬರೀ ಸೊನ್ನೆಗಳ ವಿಳಾಸ ಕೊಡುತ್ತದೆ, ಜಾಹೀರಾತಿನ ಜಾಗ ಖಾಲಿ ಉಳಿಯುತ್ತದೆ.

ಮೊದಲ ದಿನ ಟೋಪಿಗಳು ಮತ್ತೆ ಬಂದವು. ಎರಡನೆಯ ಡಿಎನ್‌ಎಸ್ ಎಂದಿದ್ದ ಕಡೆ ಇಂಟರ್ನೆಟ್ ಕಂಪನಿಯ ವಿಳಾಸವನ್ನು ಹಾಗೇ ಬಿಟ್ಟಿದ್ದೆ. ಫೋನು ಆಗಾಗ ಅಲ್ಲಿಯೂ ಕೇಳುತ್ತಿತ್ತು. ಅದನ್ನು ತೆಗೆದೆ. ಟೋಪಿಗಳು ನಿಂತವು. ಜೊತೆಗೆ ಅವ್ವ ಫೋನಿನಲ್ಲಿ ನೋಡುವ ತೆಲುಗು ಧಾರಾವಾಹಿಯೂ ನಿಂತಿತು.

“ಏನ್ ಮಾಡಿಟ್ಟೀಯೋ? ನನ್ನ ಸೀರಿಯಲ್ ಬರವಲ್ದು!” ಎಂದು ಅವ್ವ ಕೂಗಾಡಿದಳು. ಅದಕ್ಕೆ ಬೇಕಾದ ತಾಣವೊಂದನ್ನು ತಡೆಯಿಂದ ಬಿಡಿಸಿಕೊಟ್ಟೆ. ಅವಳ ಬೈಗುಳ ಕೇಳಿ ನಿಜಕ್ಕೂ ಹಿತವಾಯಿತು.

ಹೆಂಡತಿ ಮಾತ್ರ ಸಂಜೆಯಾದರೆ ಫೋನು ಹಿಡಿದು ಮಾಳಿಗೆ ಹತ್ತತೊಡಗಿದಳು. ಒಂದು ಸಂಜೆ ಹಿಂದೆಯೇ ಹೋದೆ. ಒಣಹಾಕಿದ ಮೆಣಸಿನಕಾಯಿಯ ಪಕ್ಕ ಕುಳಿತು ಪುಟ್ಟ ಟೋಪಿಯೊಂದನ್ನು ನೋಡುತ್ತಿದ್ದಳು. ವೈಫೈ ಆಫ್ ಆಗಿತ್ತು, ಸಿಮ್ಮಿನ ಡೇಟಾ ಓಡುತ್ತಿತ್ತು. ನನ್ನ ಬೋರ್ಡಿನ ಕೈ ಅಲ್ಲಿಗೆ ಎಟುಕುವುದಿಲ್ಲ.

“ವೈಫೈ ಹಚ್ಚು. ಇವೆಲ್ಲ ಬರಂಗಿಲ್ಲ,” ಎಂದೆ.

“ಗೊತ್ತೈತ್ರಿ. ಅದಕ್ಕ ಆಫ್ ಮಾಡೀನಿ.”

ಮೆಣಸಿನಕಾಯಿ ಸರಿಸಿ ಅವಳ ಪಕ್ಕ ಕುಳಿತೆ.

“ಮನ್ಯಾಗ ಯಾರೂ ಅದರ ಸುದ್ದಿ ಎತ್ತಂಗಿಲ್ಲ,” ಎಂದಳು. “ಎಲ್ಲಾರಿಗೂ ಮುಗದೈತಿ. ಈ ಟೋಪಿ ಮಾರೋರಿಗೊಬ್ಬರಿಗೇ ಇನ್ನೂ ಗೊತ್ತಾಗಿಲ್ಲ.”

ಕೆಳಗೆ ಬಂದು ಬೋರ್ಡಿನಲ್ಲಿ ಅವಳ ಫೋನಿಗೆ ತಡೆಯಿಲ್ಲದ ಬೇರೆ ಗುಂಪು ಮಾಡಿದೆ. ಮನೆಯಲ್ಲಿ ಅವಳೊಬ್ಬಳಿಗೆ ಮಾತ್ರ ಜಾಹೀರಾತುಗಳು ಬರುತ್ತವೆ. ಹೇಗಿವೆಯೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಎಂಟು ತಿಂಗಳು ಕಳೆದ ಮೇಲೆ, ಮೊನ್ನೆ ಊಟಕ್ಕೆ ಕುಳಿತಾಗ ಅವಳೇ ಫೋನನ್ನು ನನ್ನ ಕಡೆ ತಿರುಗಿಸಿದಳು.

“ನೋಡ್ರಿ,” ಎಂದಳು. “ಈಗ ಆರು ತಿಂಗಳ ಕೂಸಿನ ಅಳತಿ ಟೋಪಿ ತೋರಸಾಕತ್ತಾರ.”